ಕಥೆ: ಒಂದು ಹುದ್ದೆ, ಇಬ್ಬರು ಅಭ್ಯರ್ಥಿಗಳು. ಸುಮತಿಯ ಆಯ್ಕೆ ಸರಿಯೇ?

ನೀಲಿಶಾಯಿ

ನೇಮಕಾತಿಯ ಕಥೆಗಳಲ್ಲಿ ಚೆನ್ನಾಗಿ ಮಾತನಾಡುವ ಅಭ್ಯರ್ಥಿ ಯಾವಾಗಲೂ ಟೊಳ್ಳು, ತಡವರಿಸುವ ಅಭ್ಯರ್ಥಿ ಯಾವಾಗಲೂ ಅಪರಂಜಿ. ಅಂಥ ಕಥೆ ಬರೆಯಲು ನನಗೆ ಮನಸ್ಸಿಲ್ಲ. ಬಹುಕಾಲದಿಂದ ಸಂದರ್ಶನ ಮಾಡುತ್ತಿರುವವಳು ನಾನು. ಇಬ್ಬರೂ ಗಟ್ಟಿಗರಾಗಿದ್ದಾಗಲೇ ತೀರ್ಮಾನ ಕಷ್ಟವಾಗುವುದು. ಓದಿ, ಸುಮತಿ ಮಾಡಿದ್ದು ಸರಿಯೇ ಎಂದು ಹೇಳಿ. ಹೊಗಳಿಕೆಗಿಂತ ತಕರಾರು ಬೇಕು.

---

ಸುಮತಿಯ ತಂಡ ಆನ್‌ಲೈನ್ ಅಂಗಡಿಗಳ ಹಣಪಾವತಿ ವ್ಯವಸ್ಥೆಯನ್ನು ನೋಡಿಕೊಳ್ಳುತ್ತದೆ. ಖಾಲಿ ಇದ್ದದ್ದು ಒಂದೇ ಹುದ್ದೆ. ಬಂದವರು 8 ವಾರಗಳಲ್ಲಿ ಕೆಲಸ ಕಲಿತು, ಆಮೇಲೆ ಸರದಿಯ ಪ್ರಕಾರ ರಾತ್ರಿಯ ಆನ್‌ಕಾಲ್ ಪಾಳಿಯನ್ನು ಒಬ್ಬರೇ ನಿಭಾಯಿಸಬೇಕು. ಕೊನೆಯ ಸುತ್ತಿಗೆ ಉಳಿದವರು ನಿಖಿಲ್ ಮತ್ತು ಕಾವ್ಯಾ.

ಇಬ್ಬರ ಮುಂದೆಯೂ ಇಟ್ಟ ಕಾಗದ ಒಂದೇ. ಒಬ್ಬ ಗ್ರಾಹಕನ ಖಾತೆಯಿಂದ ಒಂದೇ ಆರ್ಡರ್‌ಗೆ ಎರಡು ಸಲ ಹಣ ಕಡಿತವಾಗಿದೆ. ಎರಡು ಸರ್ವರ್‌ಗಳ ಲಾಗ್‌ನಿಂದ ಆಯ್ದ ಸಾಲುಗಳು ಇವು:

```
10:04:04 app1 POST /charge order=7731
10:04:07 app1 timeout 3000ms order=7731
10:04:07 app1 retry 1 order=7731
10:04:03 pay2 charge ok order=7731
10:04:05 pay2 charge ok order=7731
```

ನಿಖಿಲ್ ಒಮ್ಮೆ ಕಣ್ಣಾಡಿಸಿದ. ಪೆನ್ನು ಎತ್ತಿಕೊಂಡು ಹಲಗೆಯ ಮೇಲೆ ಎರಡು ಚೌಕ ಬರೆದ. "app1 ಮೂರು ಸೆಕೆಂಡು ಕಾದಿದೆ. ಉತ್ತರ ಬಂದಿಲ್ಲ. ಅದೇ ಕೋರಿಕೆಯನ್ನು ಮತ್ತೆ ಕಳುಹಿಸಿದೆ. ಮೊದಲನೆಯದೂ ಎರಡನೆಯದೂ ಒಂದೇ ಎಂದು ಗುರುತಿಸುವ ಬಗೆ pay2ಗೆ ಇಲ್ಲ. ಆದ್ದರಿಂದ ಎರಡು ಕಡಿತ. ಪ್ರತಿ ಕೋರಿಕೆಗೂ ಒಂದು ವಿಶಿಷ್ಟ ಗುರುತು ಕೊಟ್ಟು, ಅದೇ ಗುರುತು ಮತ್ತೆ ಬಂದರೆ ಹಳೆಯ ಉತ್ತರವನ್ನೇ ಮರಳಿಸುವಂತೆ ಮಾಡಬೇಕು." ಹೇಳಿ ಮುಗಿಸಲು ಅವನಿಗೆ ನಾಲ್ಕು ನಿಮಿಷ ಸಾಕಾಯಿತು. ಉತ್ತರ ಸರಿ, ಪರಿಹಾರವೂ ಸರಿ. ಗ್ರಾಹಕನಿಗೆ ಏನೆಂದು ಬರೆಯಬೇಕೆಂದು ಕೇಳಿದಾಗ ನಾಲ್ಕು ಸಾಲಿನ ಪತ್ರವನ್ನು ಅಲ್ಲೇ ಬರೆದುಕೊಟ್ಟ. ಒಂದು ಅಕ್ಷರವನ್ನೂ ತಿದ್ದಬೇಕಾಗಿರಲಿಲ್ಲ.

ಕಾವ್ಯಾ ಕಾಗದವನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ಸುಮ್ಮನಿದ್ದಳು. ಸಾಲುಗಳ ಪಕ್ಕದಲ್ಲಿ ಬಾಣಗಳನ್ನು ಹಾಕಿದಳು, ಒಂದನ್ನು ಅಳಿಸಿದಳು. ಹಲಗೆಯ ಹತ್ತಿರ ಹೋಗಲೇ ಇಲ್ಲ. ಕೊನೆಗೆ ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: "ಮೇಡಂ, ಕೋರಿಕೆ ಹೊರಟದ್ದು 10:04:04ಕ್ಕೆ. ಹಣ ಕಡಿತವಾದದ್ದು 10:04:03ಕ್ಕೆ. ಕೇಳುವ ಮೊದಲೇ ಹಣ ತೆಗೆದುಕೊಂಡಿತೇ? ಈ ಎರಡು ಸರ್ವರ್‌ಗಳ ಗಡಿಯಾರ ಒಂದೇ ಹೊತ್ತು ತೋರಿಸುತ್ತವೆಯೇ?"

ತೋರಿಸುವುದಿಲ್ಲ. ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸಿದ ಹಿರಿಯ ಎಂಜಿನಿಯರ್ ರಘುನಂದನ್ ಅದನ್ನು ಬೇಕೆಂದೇ ಹಾಗೆ ಇಟ್ಟಿದ್ದರು. ಹೆಚ್ಚಿನವರು ಗಮನಿಸುವುದಿಲ್ಲ, ನಿಖಿಲ್ ಕೂಡ ಗಮನಿಸಿರಲಿಲ್ಲ. ಆದರೆ ಅಲ್ಲಿಂದ ಮುಂದೆ ಕಾವ್ಯಾಳ ದಾರಿ ಗೋಜಲಾಯಿತು. ಗಡಿಯಾರವೇ ತಪ್ಪಿನ ಮೂಲವಿರಬಹುದು ಎಂದಳು, ಅಲ್ಲ ಎಂದಳು, ಮರುಕೋರಿಕೆಯ ವಿಷಯಕ್ಕೆ ಬರಲು ಹತ್ತು ನಿಮಿಷ ತೆಗೆದುಕೊಂಡಳು. ಗ್ರಾಹಕನಿಗೆ ಪತ್ರ ಬರೆಯಿರಿ ಎಂದಾಗ ತಾಂತ್ರಿಕ ಪದಗಳ ಮಧ್ಯೆ ಕ್ಷಮೆ ಕೇಳುವುದನ್ನೇ ಮರೆತಳು.

ಮಧ್ಯಾಹ್ನ ಎರಡನೆಯ ಭಾಗ. ಗಡಿಯಾರಗಳ ವ್ಯತ್ಯಾಸವನ್ನು ಲಾಗ್‌ನಿಂದಲೇ ಅಂದಾಜು ಮಾಡುವ ವಿಧಾನವನ್ನು ರಘುನಂದನ್ ಇಬ್ಬರಿಗೂ ಬೇರೆಬೇರೆಯಾಗಿ, ಒಂದೇ ಮಾತುಗಳಲ್ಲಿ, ಇಪ್ಪತ್ತು ನಿಮಿಷ ಕಲಿಸಿದರು. ಕಾರಣ ಯಾವಾಗಲೂ ಪರಿಣಾಮಕ್ಕಿಂತ ಮೊದಲು ನಡೆದಿರಬೇಕು. ಎರಡನೆಯ ಕಡಿತ ಮರುಕೋರಿಕೆಯ ನಂತರವೇ ಆಗಿರಬೇಕಾದ್ದರಿಂದ pay2ನ ಗಡಿಯಾರ ಕನಿಷ್ಠ ಎರಡು ಸೆಕೆಂಡು ಹಿಂದಿದೆ, ಹೀಗೆ. ಆಮೇಲೆ ಇಬ್ಬರಿಗೂ ಹೊಸ ಲಾಗ್ ಕೊಟ್ಟರು. ಅದರಲ್ಲಿ ಮೂರು ಸರ್ವರ್‌ಗಳು.

ನಿಖಿಲ್ ಕಲಿಸಿದ್ದನ್ನು ಕಲಿಸಿದ ಕ್ರಮದಲ್ಲೇ ಮಾಡಿದ. ಎರಡು ಸರ್ವರ್‌ಗಳಿಗೆ ಸರಿಹೋಯಿತು. ಮೂರನೆಯದಕ್ಕೆ ನೇರ ಸಂಪರ್ಕದ ಸಾಲೇ ಇರಲಿಲ್ಲ. ಅಲ್ಲಿ ಅವನು ಒಂದು ಊಹೆಯನ್ನು ಖಚಿತ ದನಿಯಲ್ಲಿ ಹೇಳಿ ಮುಂದೆ ಹೋದ. ಕಾವ್ಯಾ ಅದೇ ಜಾಗದಲ್ಲಿ ನಿಂತಳು. "ಇಲ್ಲಿ ನನಗೆ ದಾರಿ ಕಾಣುತ್ತಿಲ್ಲ. ಮಧ್ಯದ ಸರ್ವರ್ ಮೂಲಕ ಎರಡು ಹೆಜ್ಜೆಯಲ್ಲಿ ಹೋಗಬಹುದೇ?" ಎಂದು ಕೇಳಿದಳು. "ಹೋಗಿ ನೋಡಿ" ಎಂದರು ರಘುನಂದನ್. ಹೋದಳು, ವ್ಯತ್ಯಾಸ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬ ಅಂಚುಗಳೆರಡನ್ನೂ ಸರಿಯಾಗಿ ಹಿಡಿದಳು.

ಸುಮತಿ, ರಘುನಂದನ್ ಮತ್ತು ಇನ್ನೊಬ್ಬರು ಒಬ್ಬರೊಡನೊಬ್ಬರು ಮಾತನಾಡುವ ಮೊದಲೇ ತಮ್ಮತಮ್ಮ ಹಾಳೆಯಲ್ಲಿ ಐದರ ಮೇಲೆ ಅಂಕ ಬರೆದರು. ಸರಾಸರಿ ತೆಗೆದಾಗ ಮೂಲ ಹುಡುಕುವುದರಲ್ಲಿ ನಿಖಿಲ್‌ಗೆ 4, ಕಾವ್ಯಾಳಿಗೆ 3. ಇನ್ನೊಬ್ಬರಿಗೆ ಅರ್ಥಮಾಡಿಸುವುದರಲ್ಲಿ 5 ಮತ್ತು 2. ಕಲಿಸಿದ್ದನ್ನು ಬಳಸುವುದರಲ್ಲಿ 3 ಮತ್ತು 5. ಸಿಕ್ಕಿಕೊಂಡಾಗ ಸಹಾಯ ಕೇಳುವುದರಲ್ಲಿ 3 ಮತ್ತು 4. ಒಟ್ಟು ಹದಿನೈದು, ಹದಿನಾಲ್ಕು.

"ನನ್ನ ಮತ ಕಾವ್ಯಾಳಿಗೆ" ಎಂದರು ರಘುನಂದನ್. "ಈ ಕೆಲಸಕ್ಕೆ ಬೇಕಾದ ಕಣ್ಣು ಅವಳಿಗಿದೆ. ಬರೆಯುವುದನ್ನು ಕಲಿಸಬಹುದು."

"ಯಾರು ಕಲಿಸುತ್ತಾರೆ?"

"ನಾನೇ."

"ನೀವು ಎರಡು ತಿಂಗಳಲ್ಲಿ ಬೇರೆ ತಂಡಕ್ಕೆ ಹೋಗುತ್ತೀರಿ. ಅಲ್ಲಿಯವರೆಗೆ ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ? ಆಸೆಯ ಲೆಕ್ಕ ಬೇಡ, ಕ್ಯಾಲೆಂಡರ್ ತೆರೆದು ಹೇಳಿ."

ರಘುನಂದನ್ ತೆರೆದು ನೋಡಿದರು. ತಮ್ಮ ಕೆಲಸವನ್ನು ಹಸ್ತಾಂತರಿಸುವ ಸಭೆಗಳೇ ತುಂಬಿದ್ದವು. "ಮೂರು ಗಂಟೆ. ಕೊನೆಯ ಎರಡು ವಾರ ಅದೂ ಕಷ್ಟ."

ತಂಡದಲ್ಲಿ ಉಳಿದವರು ಮೂವರು. ಇಬ್ಬರು ಬಂದು ವರ್ಷವಾಗಿರಲಿಲ್ಲ, ಮೂರನೆಯವರು ಈಗಾಗಲೇ ಸರದಿಗಿಂತ ಹೆಚ್ಚು ರಾತ್ರಿಗಳನ್ನು ಹೊತ್ತಿದ್ದರು. ರಾತ್ರಿ ಎರಡು ಗಂಟೆಗೆ ಎಚ್ಚರಿಕೆ ಗಂಟೆ ಬಾರಿಸಿದರೆ ಕಾವ್ಯಾ ಬಹುಶಃ ನಿಜವಾದ ಕಾರಣವನ್ನೇ ಹಿಡಿಯುತ್ತಾಳೆ, ಆದರೆ ಅಷ್ಟು ಹೊತ್ತು ಅಂಗಡಿಯವರಿಗೆ ಏನಾಗುತ್ತಿದೆ ಎಂದು ತಿಳಿಸುವವರು ಯಾರೂ ಇರುವುದಿಲ್ಲ.

ಸುಮತಿ ನಿಖಿಲ್‌ಗೆ ಹುದ್ದೆ ಕೊಟ್ಟಳು. ಅವನ ಮೊದಲ ವಾರದ ಕೆಲಸಗಳ ಪಟ್ಟಿಯಲ್ಲಿ, ಖಚಿತವಿಲ್ಲದ ಊಹೆಯನ್ನು ಊಹೆ ಎಂದೇ ಬರೆಯುವ ಅಭ್ಯಾಸವನ್ನು ಸೇರಿಸಿದಳು. ಕಾವ್ಯಾಳಿಗೆ ತಾನೇ ಕರೆ ಮಾಡಿ, ಗಡಿಯಾರದ ಪ್ರಶ್ನೆಯನ್ನು ಬಹಳ ಕಡಿಮೆ ಜನ ಕೇಳುತ್ತಾರೆಂದೂ, ಪತ್ರದಲ್ಲಿ ಏನು ಕೊರತೆಯಾಯಿತೆಂದೂ ಹೇಳಿದಳು. ಕಾವ್ಯಾ ಸ್ವಲ್ಪ ಹೊತ್ತು ಬಿಟ್ಟು, "ಮೂರನೆಯ ಸರ್ವರ್‌ನ ಉತ್ತರ ಸರಿಯಿತ್ತೇ?" ಎಂದು ಕೇಳಿದಳು.

---

ಹೊಸಹೆಜ್ಜೆ

ಓದಿ ಬೇಸರವಾಯಿತು. ಗುಣ ನೋಡಿ ಆರಿಸಬೇಕು, ಕೌಶಲವನ್ನು ಆಮೇಲೆ ಕಲಿಸಬಹುದು. ನಾನು ಅಂಗಡಿ ಸರಣಿಯೊಂದರಲ್ಲಿ ಮಾರಾಟ ತಂಡಕ್ಕೆ ಜನರನ್ನು ತೆಗೆದುಕೊಳ್ಳುತ್ತೇನೆ. ಕಲಿಯುವ ಹಸಿವು ಇರುವವರನ್ನು ತೆಗೆದುಕೊಂಡು ಕೆಟ್ಟದ್ದೇನೂ ಆಗಿಲ್ಲ. ಕಾವ್ಯಾಳ ಕೊನೆಯ ಪ್ರಶ್ನೆ ನೋಡಿ, ಕೆಲಸ ಸಿಗಲಿಲ್ಲ ಎಂದ ಮೇಲೂ ಉತ್ತರ ಸರಿಯಿತ್ತೇ ಎಂದು ಕೇಳುತ್ತಾಳೆ. ಇಂಥವರನ್ನು ಕೈಬಿಡುವುದೇ?

ದಾರಿಹೋಕ

ನಿಖಿಲ್ ಊಹೆಯನ್ನು ನಿಜವೆಂಬಂತೆ ಹೇಳಿದನಲ್ಲ, ಅದು ಸುಳ್ಳಲ್ಲವೇ? ಸಂದರ್ಶನದಲ್ಲೇ ಸುಳ್ಳು ಹೇಳುವವನ ಅನುಭವ ಪತ್ರಗಳನ್ನು ಪರಿಶೀಲಿಸಿದ್ದಾರೆಯೇ ಎಂಬುದು ನನ್ನ ಪ್ರಶ್ನೆ. ಕಥೆಯಲ್ಲಿ ಆ ವಿಷಯವೇ ಇಲ್ಲ. ಈಗ ನಕಲಿ ಪತ್ರಗಳ ಹಾವಳಿ ಎಷ್ಟಿದೆ ಎಂದು ಎಲ್ಲರಿಗೂ ಗೊತ್ತು.

ನೀಲಿಶಾಯಿ

@ದಾರಿಹೋಕ, ನಿಖಿಲ್ ಸುಳ್ಳುಗಾರನಲ್ಲ, ಪತ್ರಗಳೂ ಸರಿ ಇವೆ ಎಂದೇ ಇಟ್ಟುಕೊಳ್ಳಿ. ಒತ್ತಡ ಬಂದಾಗ ಅವನ ದನಿ ಗಟ್ಟಿಯಾಗುತ್ತದೆ, ಅಷ್ಟೇ. ಒಳ್ಳೆಯ ಮಾತುಗಾರರಲ್ಲಿ ಇದು ಬಹಳ ಸಾಮಾನ್ಯ. ಅಪಾಯಕಾರಿಯೂ ಹೌದು, ತಿದ್ದಬಹುದಾದದ್ದೂ ಹೌದು.

ಹಳೆಯ_ತಕ್ಕಡಿ

ನೇಮಕಾತಿಯ ಪದ್ಧತಿಗಳನ್ನು ರೂಪಿಸುವುದೇ ನನ್ನ ವೃತ್ತಿ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಸುಮತಿ ಮಾಡಿದ್ದರಲ್ಲಿ ಬಹುಪಾಲು ಸರಿ. ಇಬ್ಬರಿಗೂ ಒಂದೇ ಕೆಲಸ, ಒಂದೇ ಪಾಠ, ಮಾತಿಗೆ ಮೊದಲು ಅಂಕ. ಕೊನೆಯದನ್ನು ಬಹಳ ಕಡೆ ಮಾಡುವುದಿಲ್ಲ. ಕೋಣೆಯಲ್ಲಿ ಹಿರಿಯರು "ನನ್ನ ಮತ ಇವರಿಗೆ" ಎಂದ ಕೂಡಲೇ ಉಳಿದವರ ಅಂಕ ಆ ಕಡೆಗೆ ವಾಲುತ್ತದೆ, ವಾಲಿದ್ದು ಅವರಿಗೇ ತಿಳಿಯುವುದಿಲ್ಲ. ರಘುನಂದನ್ ಮಾತು ಮೊದಲು ಬಂದಿದ್ದರೆ ಈ ಹಾಳೆಗಳ ಅಂಕಗಳು ಬೇರೆಯೇ ಇರುತ್ತಿದ್ದವು.

ಎರಡನೆಯ ಭಾಗವೇ ಈ ಕಥೆಯ ಜೀವಾಳ. "ಇವಳಲ್ಲಿ ಭರವಸೆ ಕಾಣುತ್ತದೆ" ಎಂದು ಸಂದರ್ಶಕರು ಹೇಳುವಾಗ ಹೆಚ್ಚಿನ ಸಲ ಅವರು ನೋಡುತ್ತಿರುವುದು ತಮ್ಮದೇ ಯೌವನವನ್ನು. ತಮ್ಮಂತೆ ಮಾತನಾಡುವ, ತಮ್ಮಂತೆ ಸಂಕೋಚಪಡುವ ಒಬ್ಬರನ್ನು ಕಂಡರೆ ಭರವಸೆ ಕಾಣಿಸುತ್ತದೆ, ಹಾಗಲ್ಲದವರಲ್ಲಿ ಬರೀ ಕೊರತೆ ಕಾಣಿಸುತ್ತದೆ. ಇಪ್ಪತ್ತು ನಿಮಿಷ ಕಲಿಸಿ, ಕಲಿಸಿದ್ದನ್ನು ಹೊಸ ಸಮಸ್ಯೆಗೆ ಹೇಗೆ ಒಯ್ಯುತ್ತಾರೆ ಎಂದು ನೋಡಿದರೆ ಭರವಸೆಯನ್ನು ಊಹಿಸಬೇಕಾಗಿಲ್ಲ. ಅದರ ಒಂದು ತುಣುಕು ಕಣ್ಣೆದುರಿಗೇ ನಡೆಯುತ್ತದೆ.

ಆದರೆ ಇದಕ್ಕೂ ಮಿತಿಯಿದೆ. ಕಲಿಸಿ ನೋಡುವ ಇಂಥ ಪರೀಕ್ಷೆಗಳು ತರಬೇತಿಯ ಅವಧಿಯಲ್ಲಿ ಯಾರು ಚೆನ್ನಾಗಿ ಮಾಡುತ್ತಾರೆ ಎಂಬುದನ್ನು ಚೆನ್ನಾಗಿಯೇ ಮುನ್ಸೂಚಿಸುತ್ತವೆ, ಕಾಲ ಕಳೆದಂತೆ ಆ ಬಲ ಕುಗ್ಗುತ್ತದೆ. ಕಾವ್ಯಾ ಮೊದಲ ತಿಂಗಳುಗಳಲ್ಲಿ ಬೇಗ ಏರುತ್ತಾಳೆ ಎಂದು ಆ 5 ಹೇಳುತ್ತದೆ. ಮೂರು ವರ್ಷದ ಮೇಲೆ ಎಲ್ಲಿರುತ್ತಾಳೆ ಎಂದು ಹೇಳುವುದಿಲ್ಲ.

ಈಗ ತಕರಾರು. ಹದಿನೈದು ಮತ್ತು ಹದಿನಾಲ್ಕರ ನಡುವೆ ವ್ಯತ್ಯಾಸವೇ ಇಲ್ಲ. ಅದೇ ಮೂವರು ಮರುದಿನ ಮತ್ತೆ ಅಂಕ ಕೊಟ್ಟಿದ್ದರೂ ಒಂದು ಅಂಕ ಆಚೀಚೆ ಆಗುತ್ತಿತ್ತು. ಆದ್ದರಿಂದ ತೀರ್ಮಾನವಾದದ್ದು ಅಂಕದಿಂದಲ್ಲ, "ಯಾರು ಕಲಿಸುತ್ತಾರೆ?" ಎಂಬ ಪ್ರಶ್ನೆಯಿಂದ. ಆ ಪ್ರಶ್ನೆ ಬಂದದ್ದು ಇಬ್ಬರನ್ನೂ ನೋಡಿಯಾದ ಮೇಲೆ. ಅದು ಜಾಹೀರಾತು ಹೊರಡುವ ಮೊದಲೇ ಬರಬೇಕಿತ್ತು. ಕಲಿಸಲು ವಾರಕ್ಕೆ ಮೂರೇ ಗಂಟೆ ಎಂದು ಮೊದಲೇ ತಿಳಿದಿದ್ದರೆ, ಅರ್ಥಮಾಡಿಸುವುದಕ್ಕೆ ಹಿಂದಿನ ಸುತ್ತಿನಲ್ಲೇ ಅಂಕ ಹಾಕಿ, 3ಕ್ಕಿಂತ ಕಡಿಮೆ ಬಂದವರನ್ನು ಕೊನೆಯ ಸುತ್ತಿಗೆ ಕರೆಯದೇ ಇರಬಹುದಿತ್ತು. ಕಾವ್ಯಾಳ ಒಂದು ದಿನ ಉಳಿಯುತ್ತಿತ್ತು. ಜನರನ್ನು ನೋಡಿದ ಮೇಲೆ ಮಾನದಂಡ ಹುಟ್ಟಿದರೆ, ಮನಸ್ಸು ಮೊದಲೇ ಆರಿಸಿದವರಿಗೆ ಒಪ್ಪುವ ಮಾನದಂಡವೇ ಹುಟ್ಟುತ್ತದೆ.

ನೀಲಿಶಾಯಿ

ಆ ಕೊನೆಯ ಮಾತನ್ನು ಪೂರ್ತಿ ಒಪ್ಪಲಾರೆ. ಒಬ್ಬರೇ ಪಾಳಿ ನಿಭಾಯಿಸಬೇಕೆಂಬ ಷರತ್ತು ಮೊದಲಿನಿಂದಲೂ ಇತ್ತು, ಇಬ್ಬರಿಗೂ ಗೊತ್ತಿತ್ತು. ಸುಮತಿ ಹೊಸ ಮಾನದಂಡ ತಂದಿಲ್ಲ. ಇದ್ದ ಷರತ್ತನ್ನು ಕಾವ್ಯಾ 8 ವಾರಗಳಲ್ಲಿ ಮುಟ್ಟಬಲ್ಲಳೇ ಎಂದು ಲೆಕ್ಕ ಹಾಕಿದಳು. ಆ ಲೆಕ್ಕಕ್ಕೆ ಕಾವ್ಯಾಳ ಅಂಕಗಳು ಮೊದಲು ಕೈಯಲ್ಲಿರಬೇಕು. ಅರ್ಥಮಾಡಿಸುವುದರಲ್ಲಿ 3 ಬಂದಿದ್ದರೆ ಉತ್ತರ ಬೇರೆಯಾಗುತ್ತಿತ್ತೇನೋ.

ಹಳೆಯ_ತಕ್ಕಡಿ

ಷರತ್ತು ಇತ್ತು, ಒಪ್ಪುತ್ತೇನೆ. ಕನಿಷ್ಠ ಅಂಕ ಇರಲಿಲ್ಲ. ಷರತ್ತನ್ನು ಅಂಕವಾಗಿ ಬರೆದಿಡುವವರೆಗೆ ಅದು ಎಳೆದ ಕಡೆಗೆ ಹಿಗ್ಗುತ್ತದೆ. ಮಾತಿನಲ್ಲಿ 2 ಬಂದ ಅಭ್ಯರ್ಥಿ ರಘುನಂದನ್ ಅವರ ಪರಿಚಯದವನಾಗಿದ್ದರೆ ಇದೇ ಷರತ್ತು "ಅದೇನು ಮಹಾ, ಪತ್ರಕ್ಕೆ ಸಿದ್ಧ ನಮೂನೆಗಳಿವೆಯಲ್ಲ" ಎಂದು ಸಡಿಲವಾಗುತ್ತಿತ್ತು. ಇದನ್ನು ಬಹಳ ಕೋಣೆಗಳಲ್ಲಿ ಕೂತು ನೋಡಿದ್ದೇನೆ.

ಒಂಟಿಸೇತುವೆ

ನಾನು ಒಂದು ಕಾಲದ ಕಾವ್ಯಾ. ತಂತ್ರಾಂಶದಲ್ಲಲ್ಲ, ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ. ನನ್ನಲ್ಲಿ ಭರವಸೆ ಕಂಡಿತೆಂದು ಅನುಭವಸ್ಥರನ್ನು ಬಿಟ್ಟು ನನ್ನನ್ನು ತೆಗೆದುಕೊಂಡರು. ಕಲಿಸಬೇಕಾದ ಹಿರಿಯರು ಮೊದಲ ತಿಂಗಳಲ್ಲೇ ಕೆಲಸ ಬಿಟ್ಟರು. ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ.

ಮುಂದೆ ಆದದ್ದು ಇಷ್ಟು. ಉಪಕರಣದ ಅಳತೆ ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪ ಸರಿಯುತ್ತಿರುವುದನ್ನು ನಾನು ಗಮನಿಸಿದೆ, ನೋಟ್‌ಪುಸ್ತಕದಲ್ಲಿ ಬರೆದೂ ಇಟ್ಟೆ. ಯಾರಿಗೆ, ಯಾವ ನಮೂನೆಯಲ್ಲಿ ವರದಿ ಮಾಡಬೇಕೆಂದು ತಿಳಿಯದೆ ಕಾದೆ. ಕಣ್ಣು ಇತ್ತು, ದಾರಿ ಗೊತ್ತಿರಲಿಲ್ಲ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ "ನಿರೀಕ್ಷೆ ಹುಸಿಯಾಯಿತು" ಎಂದು ಬರೆದರು. ಆ ಮಾತು ಎಷ್ಟೋ ವರ್ಷ ನನ್ನ ಜೊತೆಗಿತ್ತು.

ಆದ್ದರಿಂದ ಸುಮತಿ ಕ್ಯಾಲೆಂಡರ್ ತೆರೆಸಿದ ಜಾಗದಲ್ಲಿ ನಾನು ಓದುವುದನ್ನು ನಿಲ್ಲಿಸಿ ಎರಡು ನಿಮಿಷ ಕೂತಿದ್ದೆ. ನನ್ನನ್ನು ತೆಗೆದುಕೊಂಡವರು ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ.

ಹೊಸಹೆಜ್ಜೆ

@ಒಂಟಿಸೇತುವೆ, ಇದು ಓದಿ ಸಂಕಟವಾಯಿತು. ಆದರೂ ತಪ್ಪು ನಿಮ್ಮನ್ನು ಆರಿಸಿದ್ದರಲ್ಲಿ ಇರಲಿಲ್ಲವಲ್ಲ, ಕಲಿಸದೇ ಇದ್ದದ್ದರಲ್ಲಿ ಇತ್ತು. ನಿಮ್ಮನ್ನು ತೆಗೆದುಕೊಳ್ಳದಿದ್ದರೆ ಅದು ಪರಿಹಾರವಾಗುತ್ತಿತ್ತೇ?

ಒಂಟಿಸೇತುವೆ

ಆ ಜಾಗಕ್ಕೆ ತೆಗೆದುಕೊಳ್ಳದಿದ್ದರೆ ಒಳ್ಳೆಯದಿತ್ತು. ಕಲಿಸುವವರು ಇದ್ದ ಮುಂದಿನ ಜಾಗದಲ್ಲಿ ನಾನು ಚೆನ್ನಾಗಿಯೇ ಬೆಳೆದೆ. ನಡುವಿನ ವರ್ಷ ವ್ಯರ್ಥವಾಯಿತು.

ರಾತ್ರಿಪಾಳಿ

ನಾನು ರಘುನಂದನ್ ಅವರ ಕುರ್ಚಿಯಲ್ಲಿ ಕೂರುವವನು. "ಕೌಶಲ ಕಲಿಸಬಹುದು" ಎಂಬ ಮಾತನ್ನು ಹೇಳುವವರು ಒಬ್ಬರು, ಕಲಿಸುವವರು ಇನ್ನೊಬ್ಬರು. @ಹೊಸಹೆಜ್ಜೆ, ಮಾರಾಟದಲ್ಲಿ ಹೊಸಬರು ಹಿರಿಯರ ಪಕ್ಕ ನಿಂತು ನೋಡುತ್ತಾ ಕಲಿಯಬಹುದು, ಅದಕ್ಕೆ ಹಿರಿಯರ ಕೆಲಸ ನಿಲ್ಲುವುದಿಲ್ಲ. ನಮ್ಮಲ್ಲಿ ಹೊಸಬರು ಬರೆದ ಪ್ರತಿಯೊಂದು ಬದಲಾವಣೆಯನ್ನೂ ಕೂತು ಓದಬೇಕು, ರಾತ್ರಿ ಪಾಳಿಗೆ ಮೊದಲು ಹಲವು ಸಲ ಜೊತೆಗೆ ಕೂರಬೇಕು. ಆ ಹೊತ್ತು ನನ್ನ ಕೆಲಸದಿಂದಲೇ ಕಳೆಯುತ್ತದೆ.

ಇನ್ನೊಂದು ವಿಷಯ. ನಿಖಿಲ್ ಗಡಿಯಾರ ಗಮನಿಸದಿದ್ದರೂ ಪರಿಹಾರ ಸರಿ ಹೇಳಿದನಲ್ಲ. ಹಾಗಾದರೆ ಗಡಿಯಾರದ ಪ್ರಶ್ನೆಗೆ ಇಷ್ಟೊಂದು ತೂಕ ಏಕೆ? ವಿಶಿಷ್ಟ ಗುರುತು ಹಾಕಿದರೆ ಎರಡು ಕಡಿತ ನಿಲ್ಲುತ್ತದೆ, ಗಡಿಯಾರ ಎಷ್ಟಾದರೂ ಹಿಂದಿರಲಿ.

ನೀಲಿಶಾಯಿ

ಎರಡು ಕಡಿತ ನಿಲ್ಲುತ್ತದೆ, ನಿಜ. ಆದರೆ ಮೊದಲ ಉತ್ತರ ಏಕೆ ಬರಲಿಲ್ಲ ಎಂಬುದು ಹಾಗೇ ಉಳಿಯುತ್ತದೆ. pay2 ನಿಧಾನವಾಗಿತ್ತೇ, ಅಥವಾ ಅದು ಸಮಯಕ್ಕೆ ಕೆಲಸ ಮುಗಿಸಿದರೂ ಉತ್ತರ ದಾರಿಯಲ್ಲಿ ಕಳೆದುಹೋಯಿತೇ? ಗಡಿಯಾರ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಂದಿದ್ದರೆ ಮೊದಲ ಕಡಿತ ನಡೆದದ್ದು ಟೈಮ್‌ಔಟ್ ಆದ ಮೇಲೆ, ಅಂದರೆ pay2 ನಿಧಾನ. ಎರಡು, ಮೂರು ಸೆಕೆಂಡು ಮಾತ್ರ ಹಿಂದಿದ್ದರೆ ಕಡಿತ ಸಮಯದೊಳಗೇ ಆಗಿದೆ, ಉತ್ತರ ತಲುಪಿಲ್ಲ. ಮೊದಲನೆಯದಾದರೆ ಕಾಯುವ ಸಮಯವನ್ನು ಹೆಚ್ಚಿಸುವುದರಿಂದ ಉಪಯೋಗವಿದೆ, ಎರಡನೆಯದಾದರೆ ಎಷ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ. ಮುಂದಿನ ವಾರ ಬೇರೆ ರೂಪದಲ್ಲಿ ಅದೇ ತೊಂದರೆ ಬಂದಾಗ ನಿಖಿಲ್ ಮೊದಲಿನಿಂದ ಹುಡುಕಬೇಕಾಗುತ್ತದೆ.

ರಾತ್ರಿಪಾಳಿ

ಇದನ್ನು ಒಪ್ಪಿದೆ. ಹಾಗಾದರೆ ನಿಖಿಲ್‌ಗೆ ಮೂಲ ಹುಡುಕುವುದರಲ್ಲಿ 4 ಹೇಗೆ ಬಂತು? ಅವನು ಲಕ್ಷಣ ನೋಡಿ ಪರಿಚಿತ ರೋಗದ ಹೆಸರು ಹೇಳಿದ, ಹೆಸರು ಸರಿಯಾಗಿತ್ತು. ಕಾವ್ಯಾ ನಿಜವಾಗಿ ಲಾಗ್ ಓದಿದಳು. ನಾನಾಗಿದ್ದರೆ ಅವನಿಗೆ 3, ಅವಳಿಗೆ 4 ಕೊಡುತ್ತಿದ್ದೆ. ಆಗ ಒಟ್ಟು ತಲೆಕೆಳಗಾಗುತ್ತದೆ.

ಹಳೆಯ_ತಕ್ಕಡಿ

ಇದೇ ನೋಡಿ, ಹೊಳಪು ಅಂಕದೊಳಗೆ ನುಸುಳುವ ಜಾಗ. ಹಲಗೆ, ಎರಡು ಚೌಕ, ನಾಲ್ಕು ನಿಮಿಷ. ಅರ್ಥಮಾಡಿಸುವುದಕ್ಕೆ ಅವನಿಗೆ 5 ಸಿಕ್ಕಿದೆ, ನ್ಯಾಯವೇ. ಆದರೆ ಆ ಚೆಲುವು ಪಕ್ಕದ ಸಾಲಿಗೂ ಹರಿದು, ಮೂಲ ಹುಡುಕುವುದರಲ್ಲೂ ಒಂದು ಅಂಕ ತಂದುಕೊಟ್ಟಿರಬಹುದು. ಬೇರೆಬೇರೆಯಾಗಿ ಅಂಕ ಬರೆದರೂ ಇದು ತಪ್ಪುವುದಿಲ್ಲ, ಏಕೆಂದರೆ ಮೂವರೂ ಅದೇ ಚೆಲುವನ್ನು ನೋಡಿದ್ದಾರೆ. ನಾನು ಮಾಡಿಸುವ ಉಪಾಯ ಒಂದಿದೆ. ಅಭ್ಯರ್ಥಿಯ ಉತ್ತರವನ್ನು ಬರಹದಲ್ಲಿ ಪಡೆದು, ಸಂದರ್ಶನದಲ್ಲಿ ಕೂರದ ಒಬ್ಬರಿಗೆ ಹೆಸರಿಲ್ಲದೆ ಕೊಟ್ಟು, ಮೂಲ ಹುಡುಕಿದ್ದಕ್ಕೆ ಮಾತ್ರ ಅಂಕ ಹಾಕಿಸುವುದು. ಕೋಣೆಯ ಅಂಕಕ್ಕೂ ಅದಕ್ಕೂ ದೊಡ್ಡ ಅಂತರ ಬಂದರೆ ಮಾತಿನ ಪ್ರಭಾವವಾಗಿದೆ ಎಂದು ಅನುಮಾನಿಸಬಹುದು.

ಅಧ್ಯಯನಗಳ ಕಡೆಯಿಂದಲೂ ಒಂದು ಮಾತು. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವ ಮಾದರಿ ಪರೀಕ್ಷೆಗೂ ಮುಂದಿನ ಸಾಧನೆಗೂ ಇರುವ ನಂಟು 0.54 ಎಂದು ಬಂದಿತ್ತು. ಪೂರ್ತಿ ಹೊಂದಾಣಿಕೆ ಇದ್ದರೆ ಆ ಸಂಖ್ಯೆ 1 ಆಗಿರುತ್ತದೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಇಂಥ ಲೆಕ್ಕಗಳನ್ನು ಮತ್ತೆ ಪರಿಶೀಲಿಸಿದಾಗ ಅದು 0.33ಕ್ಕೆ ಇಳಿಯಿತು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಹಾಕುವ ಸಂದರ್ಶನ 0.42ರೊಂದಿಗೆ ಮೇಲೆ ನಿಂತಿತು. ಮನಬಂದಂತೆ ಮಾತನಾಡಿಸುವ ಸಂದರ್ಶನ 0.19. ಅತ್ಯುತ್ತಮ ವಿಧಾನವೂ ಇಷ್ಟೇ ಹೇಳಬಲ್ಲದು. ಸುಮತಿ ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ನಿಖಿಲ್ ಸೋಲಬಹುದು, ಕಾವ್ಯಾ ಬೇರೆ ಕಡೆ ಮಿಂಚಬಹುದು. ಅದರಿಂದ ಇವತ್ತಿನ ತೀರ್ಮಾನ ತಪ್ಪಾಗಿತ್ತು ಎಂದು ಸಾಬೀತಾಗುವುದಿಲ್ಲ.

ಹೊಸಹೆಜ್ಜೆ

ವರ್ಷಗಳ ಅನುಭವದ ಅಂಕಿ ಎಷ್ಟಿದೆ? ನಮ್ಮಲ್ಲಿ ಅರ್ಜಿ ಬಂದ ಕೂಡಲೇ ಮೊದಲು ನೋಡುವುದು ಅದನ್ನೇ.

ಹಳೆಯ_ತಕ್ಕಡಿ

1998ರ ಲೆಕ್ಕದಲ್ಲಿ 0.18, 2022ರದರಲ್ಲಿ 0.07. ಹೆಚ್ಚುಕಡಿಮೆ ಏನೂ ಇಲ್ಲ ಎನ್ನಬಹುದು.

ಮುಂಗಾರು

ಎಲ್ಲರೂ ಹುದ್ದೆಯನ್ನು ಕಲ್ಲಿನಲ್ಲಿ ಕೆತ್ತಿದಂತೆ ಮಾತನಾಡುತ್ತಿದ್ದೀರಿ. ಆನ್‌ಕಾಲ್ ಪಾಳಿಯನ್ನು 8 ವಾರದ ಬದಲು 12 ವಾರಕ್ಕೆ ಮುಂದೂಡಿದರೆ ಏನಾಗುತ್ತಿತ್ತು? ಮೊದಲ ಕೆಲವು ಪಾಳಿಗಳಲ್ಲಿ ಇಬ್ಬರು ಇರಲಿ, ಕಾವ್ಯಾ ಹುಡುಕಲಿ, ಇನ್ನೊಬ್ಬರು ಅಂಗಡಿಯವರಿಗೆ ಬರೆಯಲಿ. ಒಂದು ಸಣ್ಣ ತಂಡ ನಡೆಸುತ್ತೇನೆ, ಅಭ್ಯರ್ಥಿಗೆ ತಕ್ಕಂತೆ ಹುದ್ದೆಯನ್ನು ತುಸು ತಿದ್ದಿಕೊಂಡಿದ್ದೇನೆ, ಲಾಭವೇ ಆಗಿದೆ.

ರಾತ್ರಿಪಾಳಿ

ಆ ಇನ್ನೊಬ್ಬರು ಯಾರು? ಕಥೆಯಲ್ಲೇ ಇದೆ, ಈಗಾಗಲೇ ಸರದಿಗಿಂತ ಹೆಚ್ಚು ರಾತ್ರಿ ಹೊತ್ತವರು. ಅವರಿಗೆ ಮತ್ತೆ ನಾಲ್ಕು ವಾರ ಹೆಚ್ಚು. ಅವರು ಬಿಟ್ಟುಹೋದರೆ ಇಬ್ಬರನ್ನು ಹುಡುಕಬೇಕು.

ಮುಂಗಾರು

ಅವರನ್ನು ಕೇಳಿದರೇ? ಕಥೆಯಲ್ಲಿ ಸುಮತಿ ರಘುನಂದನ್ ಅವರನ್ನು ಮಾತ್ರ ಕೇಳಿದಳು. ಆ ಮೂರನೆಯವರು ಒಂದು ತಿಂಗಳು ತಡೆದುಕೊಂಡು, ಆಮೇಲೆ ಗಟ್ಟಿ ಜೊತೆಗಾರ್ತಿ ಸಿಗುವುದನ್ನು ಇಷ್ಟಪಡಬಹುದಿತ್ತು.

ನೀಲಿಶಾಯಿ

ಕೇಳಲಿಲ್ಲ. ದಣಿದವರನ್ನು "ಇನ್ನೊಂದು ತಿಂಗಳು ತಡೆಯುತ್ತೀರಾ?" ಎಂದು ಕೇಳಿದರೆ ಬಹುತೇಕರು ಹೌದು ಎನ್ನುತ್ತಾರೆ, ಅಲ್ಲ ಎನ್ನುವ ಶಕ್ತಿ ಉಳಿದಿರುವುದಿಲ್ಲ. ಆ ಹೌದನ್ನು ನಂಬಿ ನೇಮಕ ಮಾಡುವುದು ಸುಮತಿಗೆ ಸರಿಕಾಣಲಿಲ್ಲ, ನನಗೂ ಕಾಣುವುದಿಲ್ಲ. ನೀವು ಒಪ್ಪದಿದ್ದರೆ ಅದೂ ಒಂದು ನಿಲುವೇ.

ಮುಂಗಾರು

ಒಪ್ಪುವುದಿಲ್ಲ. ಅವರ ಪರವಾಗಿ ನೀವೇ ಉತ್ತರ ಹೇಳುತ್ತಿದ್ದೀರಿ.

ಒಂಟಿಸೇತುವೆ

ಕಾವ್ಯಾಳಿಗೆ ಮಾಡಿದ ಕರೆಯ ಬಗ್ಗೆ ಯಾರೂ ಬರೆಯಲಿಲ್ಲ. ಏನು ಕೊರತೆಯಾಯಿತು ಎಂದು ನಿಜ ಹೇಳುವವರು ಅಪರೂಪ. ನನಗೆ ಬಂದ ನಿರಾಕರಣೆಗಳೆಲ್ಲ "ಇತರ ಅಭ್ಯರ್ಥಿಗಳು ಹೆಚ್ಚು ಸೂಕ್ತರಾಗಿದ್ದರು" ಎಂಬ ಒಂದೇ ಸಾಲು. "ಪತ್ರದಲ್ಲಿ ಕ್ಷಮೆ ಕೇಳುವುದನ್ನು ಮರೆತಿರಿ" ಎಂದು ಹೇಳಿದ್ದರೆ ಒಂದೇ ವಾರದಲ್ಲಿ ತಿದ್ದಿಕೊಳ್ಳುತ್ತಿದ್ದೆ.

ಹಳೆಯ_ತಕ್ಕಡಿ

ಬಹಳ ಸಂಸ್ಥೆಗಳಲ್ಲಿ ಕಾನೂನು ವಿಭಾಗದವರು ಅದನ್ನು ಬೇಡ ಎನ್ನುತ್ತಾರೆ, ಹೇಳಿದ ಮಾತು ಮುಂದೆ ತಕರಾರಿಗೆ ಎಡೆಯಾಗುತ್ತದೆ ಎಂಬ ಭಯ. ಆದರೆ ಸುಮತಿ ಹೇಳಿದ್ದು ಎರಡೂ ಕಾಗದದಲ್ಲಿದ್ದ ವಿಷಯ: ಕೇಳಿದ ಪ್ರಶ್ನೆ, ಬರೆದ ಪತ್ರ. ವ್ಯಕ್ತಿತ್ವದ ಬಗ್ಗೆ ಒಂದು ಮಾತೂ ಇಲ್ಲ. ಅಷ್ಟಕ್ಕೆ ನಿಲ್ಲಿಸಿದರೆ ಅಪಾಯ ಬಹಳ ಕಡಿಮೆ.

ಹೊಸಹೆಜ್ಜೆ

ನಾನು ಇನ್ನೂ ಕಾವ್ಯಾಳ ಕಡೆಯೇ. ಆದರೆ "ಹಸಿವು ಇದೆ" ಎಂದು ನಾನು ಹೇಳುವಾಗ ಏನನ್ನು ನೋಡಿ ಹೇಳುತ್ತೇನೆ ಎಂದು ಕೇಳಿದರೆ ಉತ್ತರ ಸಿಗುತ್ತಿಲ್ಲ. ಮುಂದಿನ ನೇಮಕಾತಿಯಲ್ಲಿ ಕಲಿಸಿ ನೋಡುವ ಭಾಗವನ್ನು ಸೇರಿಸಬೇಕೆಂದಿದ್ದೇನೆ. ಹೊಸ ಸಾಮಾನಿನ ಬಗ್ಗೆ ಹದಿನೈದು ನಿಮಿಷ ಹೇಳಿಕೊಟ್ಟು, ಆಮೇಲೆ ಗಿರಾಕಿಯಾಗಿ ನಾನೇ ಪ್ರಶ್ನೆ ಕೇಳುವುದು. "ಸಹಾಯ ಕೇಳುವುದು" ಎಂಬ ಸಾಲಿಗೆ ಅಂಕ ಹೇಗೆ ಕೊಡುತ್ತೀರಿ, 3ಕ್ಕೂ 4ಕ್ಕೂ ಏನು ವ್ಯತ್ಯಾಸ?

ನೀಲಿಶಾಯಿ

ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ಸಿಕ್ಕಿಕೊಂಡದ್ದು ಗೊತ್ತಿದ್ದರೂ ಅದನ್ನು ಮುಚ್ಚಿಟ್ಟು ಅಲ್ಲೇ ಸುತ್ತುತ್ತಿದ್ದರೆ 1. ಊಹೆ ಮಾಡಿ ಮುಂದೆ ಹೋಗಿ, ಕೇಳಿದಾಗ "ಅದು ಊಹೆ" ಎಂದು ಒಪ್ಪಿದರೆ 3. ತಾನಾಗಿ ನಿಂತು, ಎಲ್ಲಿಯವರೆಗೆ ಬಂದೆ, ಮುಂದೆ ಏನು ಯೋಚಿಸಿದ್ದೇನೆ ಎಂದು ಹೇಳಿ ಕೇಳಿದರೆ 4. ಕೇಳಿದ್ದಕ್ಕೆ ಸಿಕ್ಕ ಉತ್ತರವನ್ನು ಮುಂದಿನ ಸಮಸ್ಯೆಯಲ್ಲೂ ತಾನೇ ಬಳಸಿದರೆ 5. ನಿಖಿಲ್‌ನನ್ನು ಆಮೇಲೆ ಕೇಳಿದಾಗ ಅದು ಊಹೆ ಎಂದು ಒಪ್ಪಿದ, ಆದ್ದರಿಂದ 3.

ರಾತ್ರಿಪಾಳಿ

ಇದರಲ್ಲಿ ಒಂದು ತೂತಿದೆ. ಸಿಕ್ಕಿಕೊಳ್ಳದೇ ಮುಗಿಸುವವರಿಗೆ ಏನು ಅಂಕ? ಅವರು ಸಹಾಯ ಕೇಳಬೇಕಾದ ಸಂದರ್ಭವೇ ಬರುವುದಿಲ್ಲ.

ಹಳೆಯ_ತಕ್ಕಡಿ

ಅದಕ್ಕೇ ಮೂರನೆಯ ಸರ್ವರ್ ಇದ್ದದ್ದು. ಯಾರೂ ಸಲೀಸಾಗಿ ದಾಟಲಾರದ ಒಂದು ಜಾಗ ಪರೀಕ್ಷೆಯಲ್ಲಿ ಇರಲೇಬೇಕು. ಆದರೆ ಅದನ್ನೂ ತಾನಾಗಿ ದಾಟುವ ಒಬ್ಬರು ಎಂದಾದರೂ ಬರುತ್ತಾರೆ. ಅಂಥವರಿಗೆ ಆ ಸಾಲನ್ನು ಖಾಲಿ ಬಿಡಿ ಎನ್ನುತ್ತೇನೆ. ಖಾಲಿ ಬಿಟ್ಟರೆ ಒಟ್ಟು ಅಂಕ ಹೋಲಿಸುವುದು ಹೇಗೆ ಎಂಬ ಬಗ್ಗೆ ನಮ್ಮ ತಂಡದಲ್ಲೇ ಇನ್ನೂ ಒಮ್ಮತವಿಲ್ಲ.

ಹೊಸಹೆಜ್ಜೆ

ಖಾಲಿ ಬಿಡುವ ಬದಲು ಇನ್ನೂ ಕಠಿಣವಾದ ಎರಡನೆಯ ಸಮಸ್ಯೆಯೊಂದನ್ನು ಇಟ್ಟುಕೊಳ್ಳಬಾರದೇ?

ಹಳೆಯ_ತಕ್ಕಡಿ

ಇಟ್ಟುಕೊಳ್ಳಬಹುದು. ಹಾಗೆ ಮಾಡಿದರೆ ಇಬ್ಬರಿಗೂ ಕೊಡಿ, ಇಲ್ಲದಿದ್ದರೆ ಒಬ್ಬರಿಗೆ ಮಾತ್ರ ಹೆಚ್ಚು ಕಠಿಣ ಪರೀಕ್ಷೆಯಾಗುತ್ತದೆ. ಮೊದಲು ನಿಮ್ಮದೇ ತಂಡದ ಇಬ್ಬರ ಮೇಲೆ, ಒಬ್ಬರು ಹಳಬರು ಒಬ್ಬರು ಹೊಸಬರು, ಮಾಡಿ ನೋಡಿ. ಇಬ್ಬರೂ ಒಂದೇ ಜಾಗದಲ್ಲಿ ನಿಂತರೆ ಆ ಸಮಸ್ಯೆಯನ್ನು ಬದಲಾಯಿಸಿ.